ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು: ಒಂದು ಸಣ್ಣ ಕಥೆ ಬರೆದಿದ್ದೇನೆ, ಲೆಕ್ಕ ಗೊತ್ತಿರುವವರು ಓದಿ ಹೇಳಿ

ಕೃಷ್ಣಾ ದಂಡೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಾನು ಎಂಟು ವರ್ಷ ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆದವಳು. ಕಥೆ ಬರೆಯುವ ಆಸೆ ಮೊದಲಿಂದಲೂ ಇತ್ತು. ಇದರಲ್ಲಿ ಬರುವ ಮಿಲ್ಲು, ಜನ ಎಲ್ಲ ಕಲ್ಪನೆ. ಆದರೆ ಲೆಕ್ಕ ಮಾತ್ರ ನಿಜದ ಹಾಗೇ ಇರಬೇಕು ಅಂತ ನನ್ನ ಹಟ. ಎಲ್ಲಾದರೂ ಎಡವಿದ್ದರೆ ದಯವಿಟ್ಟು ತಿದ್ದಿ.

ಕಥೆ:

ಜೂನ್ ತಿಂಗಳು. ಸೀಸನ್ ಮುಗಿದು ಮಿಲ್ಲು ನಿಂತಿತ್ತು. ಅಂಗಳದಲ್ಲಿ ಲಾರಿ ಇಲ್ಲ, ಹಮಾಲರ ಕೂಗು ಇಲ್ಲ, ಗೋಡೆಗೆ ಅಂಟಿದ ಹತ್ತಿಯ ಎಳೆ ಮಾತ್ರ ಬಿಸಿಗಾಳಿಗೆ ಅಲುಗುತ್ತಿತ್ತು. ಸೋಮವಾರ ಆಡಿಟರ್ ಆಫೀಸಿನ ಹುಡುಗರು ಬರುವವರಿದ್ದರು. ಅಷ್ಟರೊಳಗೆ ನೀಲಮ್ಮ ವರ್ಷದ ಎಲ್ಲ ಪೇಮೆಂಟ್ ವೋಚರ್ ನೋಡಿ ಮುಗಿಸಬೇಕು. ವೋಚರ್ ಹಿಂದೆ ಬಿಲ್ಲು ಇದೆಯಾ, ಮೊತ್ತ ಸರಿಯಿದೆಯಾ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದೇ ದಿನ ಹೋಗಿದೆಯಾ, ಸಾವ್ಕಾರರ ಸಹಿ ಇದೆಯಾ. ಎಲ್ಲ ಇದ್ದರೆ ಮೂಲೆಯಲ್ಲಿ ಹಸಿರು ಪೆನ್ನಿನ ಒಂದು ಗೀಟು.

ಅವಳ ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇತ್ತು. ಪುಸ್ತಕದಲ್ಲಿರುವ ಜಿಎಸ್‌ಟಿ ಇನ್‌ಪುಟ್ ಮತ್ತು ಪೋರ್ಟಲ್‌ನಲ್ಲಿರುವ ಇನ್‌ಪುಟ್ ನಡುವೆ 13,032 ರೂಪಾಯಿ ವ್ಯತ್ಯಾಸ. ಜಿಎಸ್‌ಟಿ ನೋಡುವವರು ಫೆಬ್ರವರಿಯಲ್ಲೇ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದಿದ್ದರು: 'ಪಾರ್ಟಿ ರಿಟರ್ನ್ ಹಾಕಿಲ್ಲ. ಮುಂದಿನ ತಿಂಗಳು ಬರುತ್ತೆ.' ಮುಂದಿನ ತಿಂಗಳು ಹೋಗಿ ನಾಲ್ಕು ತಿಂಗಳಾಗಿತ್ತು.

ಡಿಸೆಂಬರ್ ಫೈಲು. 13ನೇ ತಾರೀಖು, ಹೈದರಾಬಾದಿನ ಬೇರಿಂಗ್ ಮತ್ತು ಬೆಲ್ಟ್ ಅಂಗಡಿಗೆ ನೆಫ್ಟ್, 85,432 ರೂಪಾಯಿ. ಹಿಂದಿದ್ದ ಬಿಲ್ಲು ನಾಲ್ಕು ಮಡಿಕೆಯಾಗಿ ಎಣ್ಣೆ ಹತ್ತಿಸಿಕೊಂಡಿತ್ತು. ಮೇಲೆ ಗೇಟಿನ ಸೀಲು, ಅಡ್ಡಲಾಗಿ 'ಪೇಯ್ಡ್' ಸೀಲು. ಹಸಿರು ಗೀಟು ಬಿತ್ತು.

ಜನವರಿ ಫೈಲು. 27ನೇ ತಾರೀಖು, ಅದೇ ಅಂಗಡಿಗೆ ಚೆಕ್ಕು, 85,432. ಹಿಂದಿದ್ದ ಬಿಲ್ಲು ಬೆಳ್ಳಗೆ, ಮಡಿಕೆ ಇಲ್ಲದೆ ನೀಟಾಗಿತ್ತು. ಅದಕ್ಕೂ ಹಸಿರು ಗೀಟು ಬಿತ್ತು. ನಾಲ್ಕು ಹಾಳೆ ಮುಂದೆ ಹೋದಮೇಲೆ ಅವಳ ಕೈ ನಿಂತಿತು. ಎಂಬತ್ತೈದು ಸಾವಿರದ ನಾಲ್ಕುನೂರಾ ಮೂವತ್ತೆರಡು. ಈ ಸಂಖ್ಯೆಯನ್ನು ಬೆಳಿಗ್ಗೆಯೇ ಒಮ್ಮೆ ಬಾಯಲ್ಲಿ ಅಂದುಕೊಂಡಿದ್ದೇನಲ್ಲ?

ಎರಡೂ ಬಿಲ್ಲನ್ನು ಪಕ್ಕಪಕ್ಕ ಇಟ್ಟಳು. ನಂಬರ್ ಒಂದೇ, `HB/24-25/1186`. ತಾರೀಖು ಒಂದೇ, 14-11-2024. ಎಣ್ಣೆ ಹತ್ತಿದ್ದರ ಬಲಮೂಲೆಯಲ್ಲಿ 'ಡೂಪ್ಲಿಕೇಟ್ ಫಾರ್ ಟ್ರಾನ್ಸ್‌ಪೋರ್ಟರ್' ಅಂತ ಇತ್ತು. ಬೆಳ್ಳಗಿದ್ದರ ಬಲಮೂಲೆಯಲ್ಲಿ 'ಒರಿಜಿನಲ್ ಫಾರ್ ರೆಸಿಪಿಯೆಂಟ್'. ಒಂದು ಲಾರಿ ಡ್ರೈವರ್ ಜೊತೆ ಬಂದದ್ದು. ಇನ್ನೊಂದು ಎರಡು ತಿಂಗಳು ಕಳೆದು ಕೊರಿಯರ್‌ನಲ್ಲಿ ಬಂದದ್ದು.

ಪಾರ್ಟಿ ಲೆಡ್ಜರ್ ತೆಗೆದಳು. ಬಾಕಿ ಸೊನ್ನೆ. ಎರಡು ಬಿಲ್ಲು, ಎರಡು ಪಾವತಿ, ಕೆಳಗೆ ಸೊನ್ನೆ. ನೋಡಿದವರಿಗೆ ಇದಕ್ಕಿಂತ ಚೊಕ್ಕ ಲೆಕ್ಕ ಇಲ್ಲ. ಮೊದಲ ಬಿಲ್ಲಿನ ನಂಬರ್ ಜಾಗದಲ್ಲಿ `1186` ಅಂತ ಮಾತ್ರ ಇತ್ತು. ಸಂಕ್ರಾಂತಿಗೆ ಕೆಲಸ ಬಿಟ್ಟುಹೋದ ಹುಡುಗ ಹಾಕಿದ್ದು. ಎರಡನೆಯದರಲ್ಲಿ ಪೂರ್ತಿ ನಂಬರ್ ಇತ್ತು. ಹಾಕಿದವರು ಯಾರು ಅಂತ ನೋಡುವ ಅಗತ್ಯ ಇರಲಿಲ್ಲ. ವೋಚರ್ ಕೆಳಗೆ 'ತಯಾರಿಸಿದವರು' ಅನ್ನುವ ಕಡೆ ಅವಳದೇ ಸಹಿ.

ಸರಕಿನ ಬೆಲೆ 72,400. ಅದಕ್ಕೆ ಹದಿನೆಂಟು ಪರ್ಸೆಂಟ್ ಹಾಕಿದಳು. ಕ್ಯಾಲ್ಕುಲೇಟರ್ 13,032 ತೋರಿಸಿತು. ಗಾಜಿನ ಕೆಳಗಿನ ಚೀಟಿಯನ್ನು ಅವಳು ಮತ್ತೆ ನೋಡಲಿಲ್ಲ.

ಗೇಟ್ ರಿಜಿಸ್ಟರ್‌ನಲ್ಲಿ ನವೆಂಬರ್ 16ಕ್ಕೆ ಒಂದೇ ಲಾರಿ. ಸ್ಟೋರಿನ ಪುಸ್ತಕದಲ್ಲಿ ಒಂದೇ ಆವಕ. ನಾಲ್ಕೂ ಹಾಳೆಗಳ ಝೆರಾಕ್ಸ್ ಮಾಡಿ, ಟಾಚಣಿ ಚುಚ್ಚಿ, ಸಾವ್ಕಾರರ ಕೋಣೆಗೆ ಹೋದಳು.

ಅವರು ಓದಿ ಮುಗಿಸಲು ತುಂಬ ಹೊತ್ತು ತೆಗೆದುಕೊಂಡರು. "ಇದರಾಗ ನಿನ್ನ ಸಹಿ ಐತಲ್ಲವ್ವ?"

"ಹೌದ್ರಿ."

ಅವರು ಚೆಕ್ಕಿನ ಝೆರಾಕ್ಸ್ ಮೇಲೆ ಬೆರಳಿಟ್ಟರು. "ನಂದೂ ಐತಿ." ಆಮೇಲೆ ಫೋನ್ ತೆಗೆದು ಹೈದರಾಬಾದಿಗೆ ಹಚ್ಚಿದರು. ಆ ಕಡೆಯವರು ಒಂದು ನಿಮಿಷ ನೋಡಿ ಹೇಳ್ತೀವಿ ಅಂದರು. ಇಬ್ಬರೂ ಸುಮ್ಮನೆ ಕೂತರು. ಫೋನಿನಲ್ಲಿ ಹಾಳೆ ತಿರುವುವ ಸದ್ದು ಕೇಳುತ್ತಿತ್ತು.

ಮಸ್ಕಿ ಮಲ್ಲಿಗೆ

ಅಕ್ಕ, ತುಂಬ ಚೆನ್ನಾಗಿದೆ. 'ನಂದೂ ಐತಿ' ಅನ್ನುವಲ್ಲಿ ಕಣ್ಣು ತುಂಬಿ ಬಂತು. ಆದರೆ ಒಂದು ಅರ್ಥ ಆಗಲಿಲ್ಲ. ಲೆಡ್ಜರ್ ಸೊನ್ನೆ ಇದ್ದರೆ ಸಂತೋಷ ಪಡಬೇಕಲ್ವಾ, ಅವಳು ಯಾಕೆ ಹೆದರಿದಳು? ನಮ್ಮಪ್ಪನ ಗೊಬ್ಬರದಂಗಡಿ ಲೆಕ್ಕ ನಾನೇ ನೋಡುವುದು, ಅದಕ್ಕೇ ಕೇಳುತ್ತಿದ್ದೇನೆ.

ಸಿಂಧನೂರು ಟ್ಯಾಲಿ

ಕಥೆ ಓಕೆ, ಲೆಕ್ಕ ತಪ್ಪಿದೆ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟರೆ ಪಾರ್ಟಿ ಲೆಡ್ಜರ್ ಉಲ್ಟಾ ಆಗುತ್ತೆ. ನಾವು ಕೊಡಬೇಕಾದವರು ನಮಗೇ ಕೊಡಬೇಕಾದವರ ಪಟ್ಟಿಯಲ್ಲಿ ಬಂದು ಕೂರುತ್ತಾರೆ. ಸಾಲಗಾರರ ಪಟ್ಟಿ ತೆಗೆದ ಕೂಡಲೇ ಕಣ್ಣಿಗೆ ಬೀಳುತ್ತೆ. ನಾನು ದಿನಾ ಇದೇ ಕೆಲಸ ಮಾಡುತ್ತೇನೆ. ಇನ್ನು ಸರಿ ಮಾಡುವುದಂತೂ ಎರಡು ನಿಮಿಷದ ಕೆಲಸ, ಎರಡನೇ ಎಂಟ್ರಿ ಡಿಲೀಟ್ ಹೊಡೆದರೆ ಆಯಿತು. ಇಷ್ಟಕ್ಕೆ ಸಾವ್ಕಾರ್ ಹತ್ತಿರ ಹೋಗಿ ಅಳುವುದು ಏನಿದೆ?

ಲೆಕ್ಕದಕ್ಕ (ಬಳ್ಳಾರಿ)

ತಮ್ಮಾ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಬಳ್ಳಾರಿಯಲ್ಲಿ ಆಡಿಟ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಇಂಥ ವೋಚರ್ ತಿರುವಿದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡು ಸಲ ಪಾವತಿ ಆಗುವುದು ಎರಡು ಥರ. ಮೊದಲನೆಯದು, ಬಿಲ್ಲು ಪುಸ್ತಕಕ್ಕೆ ಒಂದೇ ಸಲ ಏರಿದೆ, ದುಡ್ಡು ಮಾತ್ರ ಎರಡು ಸಲ ಹೋಗಿದೆ. ಆಗ ನೀವು ಹೇಳಿದ ಹಾಗೇ ಪಾರ್ಟಿ ಬಾಕಿ ಉಲ್ಟಾ ನಿಲ್ಲುತ್ತೆ, ಅದನ್ನು ಹಿಡಿಯುವುದು ಸುಲಭ. ಎರಡನೆಯದು ಈ ಕಥೆಯದು. ಬಿಲ್ಲೂ ಎರಡು ಸಲ ಏರಿದೆ, ದುಡ್ಡೂ ಎರಡು ಸಲ ಹೋಗಿದೆ. ಒಂದನ್ನೊಂದು ನುಂಗಿ ಬಾಕಿ ಸೊನ್ನೆ ಆಗುತ್ತೆ. ಮಸ್ಕಿಯ ತಂಗೀ, ನೀಲಮ್ಮ ಹೆದರಿದ್ದು ಅದಕ್ಕೇ. ಆ ಸೊನ್ನೆ ಸುಳ್ಳು ಹೇಳುತ್ತಿದೆ. ಸಾಲಗಾರರ ಪಟ್ಟಿಯಲ್ಲಿ ಆ ಪಾರ್ಟಿಯ ಹೆಸರೇ ಬರುವುದಿಲ್ಲ, ಆಡಿಟ್ ಹುಡುಗರೂ ಸೊನ್ನೆ ಬಾಕಿಯ ಪಾರ್ಟಿಗೆ ಪತ್ರ ಬರೆದು ಕೇಳುವುದು ಕಡಿಮೆ.

ಕಂಪ್ಯೂಟರ್ ಹಿಡಿಯಬೇಕಿತ್ತು ಅನ್ನಬಹುದು. ಆದರೆ ಅದಕ್ಕೆ `1186` ಬೇರೆ, `HB/24-25/1186` ಬೇರೆ. ಮನುಷ್ಯರಿಗೆ ಮಾತ್ರ ಒಂದೇ ಅಂತ ಗೊತ್ತಾಗುವುದು. ಒಂದು ಆಫೀಸಿನಲ್ಲಿ ಇಬ್ಬರು ಎರಡು ರೀತಿ ಬಿಲ್ ನಂಬರ್ ಹಾಕಿದರೆ ಇಂಥದ್ದಕ್ಕೆ ಬಾಗಿಲು ತೆರೆದಿಟ್ಟ ಹಾಗೆ.

ಹಾಗಾದರೆ ಸೊನ್ನೆಯ ಸುಳ್ಳು ಎಲ್ಲಿ ಬಯಲಾಗುತ್ತೆ? ನಮ್ಮ ಪುಸ್ತಕದ ಹೊರಗೆ, ಬೇರೆಯವರು ಬರೆದ ದಾಖಲೆಯಲ್ಲಿ. ಗೇಟಿನವನು ಒಂದೇ ಲಾರಿ ಬರೆದಿದ್ದಾನೆ. ಐವತ್ತು ಸಾವಿರ ದಾಟಿದ ಸರಕು ಹೈದರಾಬಾದಿನಿಂದ ಬರಬೇಕಾದರೆ ಇ-ವೇ ಬಿಲ್ ಬೇಕು, ಅದೂ ಒಂದೇ ಇರುತ್ತೆ. ಮಾರಿದವರು ಜಿಎಸ್‌ಟಿಗೆ ಒಂದೇ ಬಿಲ್ಲು ತೋರಿಸಿರುತ್ತಾರೆ, ಹಾಗಾಗಿ ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ಒಂದೇ ಸಲ ಬರುತ್ತೆ. ಕಥೆಯ 13,032 ಅಲ್ಲಿಂದ ಹುಟ್ಟಿದ್ದು. ಆ ಪೆನ್ಸಿಲ್ ಬರಹ ಓದಿದಾಗ ನನಗೆ ಹೊಟ್ಟೆ ಉರಿಯಿತು. 'ಮುಂದಿನ ತಿಂಗಳು ಬರುತ್ತೆ' ಅಂತ ಬರೆದು ಬಿಟ್ಟ ವ್ಯತ್ಯಾಸಗಳನ್ನು ಎಷ್ಟು ನೋಡಿದ್ದೇನೋ. ಪಾರ್ಟಿ ರಿಟರ್ನ್ ಹಾಕಿಲ್ಲ ಅಂತ ಬರೆಯುವ ಮೊದಲು ಯಾವ ಪಾರ್ಟಿ, ಯಾವ ಬಿಲ್ಲು ಅಂತ ಹುಡುಕಿದ್ದರೆ ಫೆಬ್ರವರಿಯಲ್ಲೇ ಸಿಗುತ್ತಿತ್ತು. ನವೆಂಬರ್ ತಿಂಗಳ 2ಬಿಯಲ್ಲಿ 1186 ಆಗಲೇ ಬಂದು ಹೋಗಿತ್ತಲ್ಲ.

ಡಿಲೀಟ್ ವಿಷಯ ಇನ್ನೊಂದು ಪೋಸ್ಟಿನಲ್ಲಿ ಬರೆಯುತ್ತೇನೆ, ಈಗ ಒಲೆ ಮೇಲೆ ಸಾರು ಇದೆ.

ಕೊಪ್ಪಳ ಕಿರಾಣಿ

ಸರಿಯಾದ ವಿಷಯ ತೆಗೆದಿರಿ. ನನಗೂ ಹೋದ ತಿಂಗಳು ಹೀಗೇ ಆಯಿತು. ಅಂಗಡಿ ಕರೆಂಟ್ ಬಿಲ್ಲು ಮೊಬೈಲ್‌ನಲ್ಲಿ ಕಟ್ಟಿದೆ, ಚಕ್ರ ತಿರುಗುತ್ತಾ ನಿಂತಿತು. ಮತ್ತೊಮ್ಮೆ ಕಟ್ಟಿದೆ. ಎರಡೂ ಸಲ 2,340 ಕಟ್ ಆಗಿದೆ. ಇದಕ್ಕೂ ಇ-ವೇ ಬಿಲ್ ಬೇಕಾ? ಯಾರನ್ನು ಕೇಳಬೇಕು?

ಲೆಕ್ಕದಕ್ಕ (ಬಳ್ಳಾರಿ)

ಅಣ್ಣಾ, ನಿಮ್ಮದು ಬೇರೆ. ಇ-ವೇ ಬಿಲ್ಲು ಸರಕು ಸಾಗಿಸುವುದಕ್ಕೆ, ಕರೆಂಟಿಗೆ ಅಲ್ಲ. ಮೊದಲು ಬ್ಯಾಂಕ್ ಪಾಸ್‌ಬುಕ್ ನೋಡಿ, ಒಂದು ವಾಪಸ್ ಬಂದಿರಲೂಬಹುದು. ಬಂದಿಲ್ಲದಿದ್ದರೆ ಎರಡೂ ಪಾವತಿಯ ನಂಬರ್ ಹಿಡಿದು ನಿಮ್ಮ ಸೆಕ್ಷನ್ ಆಫೀಸಿಗೆ ಹೋಗಿ. ಜಾಸ್ತಿ ಬಂದ ದುಡ್ಡು ನಿಮ್ಮ ಮೀಟರ್ ಖಾತೆಗೆ ಜಮಾ ಆಗಿದ್ದರೆ ಮುಂದಿನ ಬಿಲ್ಲಿನಲ್ಲಿ ಕಳೆದು ಬರುತ್ತೆ.

ಈಗ ಡಿಲೀಟ್ ವಿಷಯ. ಸಿಂಧನೂರು ತಮ್ಮಾ, ಎರಡನೇ ಎಂಟ್ರಿ ಅಂದಿರಿ. ಯಾವುದು? ಚೆಕ್ಕಿನ ಎಂಟ್ರಿ ಡಿಲೀಟ್ ಮಾಡಲು ಆಗುವುದೇ ಇಲ್ಲ, ದುಡ್ಡು ನಿಜವಾಗಿ ಬ್ಯಾಂಕಿನಿಂದ ಹೋಗಿದೆ, ಅಳಿಸಿದರೆ ಬ್ಯಾಂಕ್ ಲೆಕ್ಕ ತಾಳೆ ಆಗುವುದಿಲ್ಲ. ಸುಳ್ಳು ಇರುವುದು ಖರೀದಿಯ ಎಂಟ್ರಿಯಲ್ಲಿ, ಬರದ ಸರಕು ಬಂದಿದೆ ಅಂತ ಹೇಳುವುದು ಅದು. ಅದನ್ನೂ ಅಳಿಸುವುದು ಬೇಡ. ಮಿಲ್ಲು ಕಂಪನಿಯಾಗಿದ್ದರೆ 2023ರ ಏಪ್ರಿಲ್ 1ರಿಂದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಅನ್ನುವ ದಾಖಲೆ ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ಆಡಿಟರ್ ಕೂಡ ಆ ಬಗ್ಗೆ ವರದಿಯಲ್ಲಿ ಬರೆಯಬೇಕು. ಆಡಿಟ್ ಹಿಂದಿನ ವಾರ ಜನವರಿಯ ಖರೀದಿ ಅಳಿಸಿದ್ದು ಕಂಡರೆ ಪ್ರಾಮಾಣಿಕ ತಪ್ಪೂ ಕಳ್ಳತನದ ಥರ ಕಾಣುತ್ತೆ. ಪಾಲುದಾರಿಕೆಯ ಮಿಲ್ಲಿಗೆ ಈ ನಿಯಮ ಇಲ್ಲ, ಆದರೂ ನಾನು ಅಳಿಸುವುದಿಲ್ಲ.

ನೀಲಮ್ಮ ಮಾಡಬೇಕಾದ್ದು ಒಂದು ಜರ್ನಲ್. ಪಾರ್ಟಿ ಖಾತೆಗೆ 85,432 ಖರ್ಚು, ಬಿಡಿಭಾಗದ ಖಾತೆಗೆ 72,400 ಜಮಾ, ಇನ್‌ಪುಟ್ ಖಾತೆಗೆ 13,032 ಜಮಾ. ಕೆಳಗೆ ವಿವರ: 1186ನೇ ಬಿಲ್ಲು ಎರಡು ಸಲ ಏರಿತ್ತು, ಇಂಥ ದಿನ ಗೊತ್ತಾಯಿತು, ಇಂಥ ವೋಚರ್ ನೋಡಿ. ತಾರೀಖು ಮಾರ್ಚ್ 31. ಯಾಕೆಂದರೆ ಆ ದಿನ ಆ ಅಂಗಡಿಯವರು ನಮಗೆ 85,432 ಕೊಡಬೇಕಿತ್ತು ಅನ್ನುವುದು ಆಗಲೂ ನಿಜವೇ, ನಮಗೆ ಗೊತ್ತಾಗಿದ್ದು ಮಾತ್ರ ಜೂನ್‌ನಲ್ಲಿ. ಲೆಕ್ಕಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲವಲ್ಲ.

ಜಿಎಸ್‌ಟಿಯಲ್ಲಿ ಈ ಮಿಲ್ಲು ಬದುಕಿತು. 2ಬಿಯಲ್ಲಿ ಬಂದಷ್ಟೇ ತೆಗೆದುಕೊಂಡಿದ್ದರಿಂದ 13,032 ಪುಸ್ತಕದಲ್ಲೇ ನಿಂತಿತು. ಒಂದು ವೇಳೆ ರಿಟರ್ನ್‌ನಲ್ಲೂ ಎರಡು ಸಲ ತೆಗೆದುಕೊಂಡು ತೆರಿಗೆ ಕಟ್ಟಲು ಬಳಸಿಬಿಟ್ಟಿದ್ದರೆ ವಾಪಸ್ ಕೊಡಬೇಕಿತ್ತು, ಜೊತೆಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ.

ಗಿಣಿಗೇರಾ ಸ್ಟೋರ್ಸ್

ನಾನು ಹದಿನಾಲ್ಕು ವರ್ಷ ಕಾರ್ಖಾನೆ ಸ್ಟೋರಿನಲ್ಲಿ ಇದ್ದೇನೆ. ಅಕ್ಕಾವ್ರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಕಥೆಯಲ್ಲಿ ಒಂದು ತೂತು ಇದೆ, ಅದನ್ನು ಯಾರೂ ಹೇಳಲಿಲ್ಲ.

ಎರಡನೇ ಬಿಲ್ಲಿಗೆ ಸ್ಟೋರಿನ ಆವಕ ನಂಬರ್ ಎಲ್ಲಿಂದ ಬಂತು? ನಮ್ಮಲ್ಲಿ ಆವಕ ನಂಬರ್ ಇಲ್ಲದ ಬಿಲ್ಲು ಅಕೌಂಟ್ಸ್ ಬಾಗಿಲು ದಾಟುವುದೇ ಇಲ್ಲ. ಡ್ರೈವರ್ ತಂದ ಪ್ರತಿಯ ಮೇಲೆ ಗೇಟ್ ಸೀಲು ಬಿದ್ದಿದೆ ಅಂತ ನೀವೇ ಬರೆದಿದ್ದೀರಿ, ಬೆಳ್ಳಗಿದ್ದ ಒರಿಜಿನಲ್ ಮೇಲೆ ಬಿದ್ದಿಲ್ಲ. ಸೀಲಿಲ್ಲದ ಬಿಲ್ಲಿಗೆ ನೀಲಮ್ಮ ಹೇಗೆ ವೋಚರ್ ಮಾಡಿದಳು? ಎಂಟು ವರ್ಷ ಕೆಲಸ ಮಾಡಿದ ಗುಮಾಸ್ತೆ ಅಷ್ಟು ಸುಲಭಕ್ಕೆ ಮಾಡುವುದಿಲ್ಲ. ಮಾಡಿದ್ದರೆ ಕಾರಣ ಹೇಳಿ.

ಕೃಷ್ಣಾ ದಂಡೆ (ರಾಯಚೂರು)

ಅಣ್ಣಾ, ನೀವು ಹಿಡಿದದ್ದು ಸರಿ. ಬೆಳಿಗ್ಗೆಯಿಂದ ಇದನ್ನೇ ಯೋಚನೆ ಮಾಡಿದೆ. ನಮ್ಮ ಮಿಲ್ಲಿನಲ್ಲಿ ನಡೆಯುತ್ತಿದ್ದ ರೀತಿ ನೆನಪು ಮಾಡಿಕೊಂಡು ಈ ಭಾಗ ಸೇರಿಸುತ್ತಿದ್ದೇನೆ:

ಜನವರಿ ಅಂದರೆ ಸೀಸನ್ನಿನ ಬಿಸಿ. ಅಂಗಳದಲ್ಲಿ ಹತ್ತಿ ಗಾಡಿಗಳ ಸಾಲು. ನೀಲಮ್ಮ ಕೂತಲ್ಲಿಂದಲೇ ಸ್ಟೋರಿಗೆ ಫೋನ್ ಮಾಡಿದಳು. 'ಹನುಮಣ್ಣ, ಹೈದರಾಬಾದಿನ ಬೇರಿಂಗ್ ಬಂದವೇನು?' ಹನುಮಣ್ಣ ಪುಸ್ತಕ ನೋಡಿ ಹೇಳಿದ. 'ಬಂದಾವವ್ವ. ಆವಕ ನಂಬರ್ 412.' ಅವಳು ಬಿಲ್ಲಿನ ಮೂಲೆಯಲ್ಲಿ 412 ಅಂತ ಬರೆದಳು. ಡಿಸೆಂಬರಿನಲ್ಲಿ ಆ ಹುಡುಗನೂ ಕೇಳಿದ್ದು ಇದೇ ಪ್ರಶ್ನೆ. ಹನುಮಣ್ಣ ಕೊಟ್ಟದ್ದು ಇದೇ ಉತ್ತರ. ಎರಡು ಸಲವೂ ಅವನು ನಿಜವನ್ನೇ ಹೇಳಿದ್ದ.

ಈಗ ಸರಿ ಹೋಯಿತಾ?

ಗಿಣಿಗೇರಾ ಸ್ಟೋರ್ಸ್

ಹೌದು! ಹೀಗೇ ಆಗುವುದು. ಸರಕು ಬಂದಿದೆಯಾ ಅಂತ ಕೇಳಿದರೆ ನಾವು ಬಂದಿದೆ ಅನ್ನುತ್ತೇವೆ, ಈ ಆವಕಕ್ಕೆ ಮೊದಲೇ ಬಿಲ್ಲು ಪಾಸಾಗಿದೆಯಾ ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಒಮ್ಮೆ ಇಂಥದ್ದೇ ಆದಮೇಲೆ ಆವಕ ಪುಸ್ತಕದಲ್ಲಿ ಕೊನೆಗೆ ಒಂದು ಅಂಕಣ ಸೇರಿಸಿದೆವು. ಬಿಲ್ಲು ಅಕೌಂಟ್ಸ್‌ಗೆ ಹೋದ ದಿನ ಅಲ್ಲಿ ಬರೆಯಬೇಕು. ಆ ಅಂಕಣ ತುಂಬಿದ್ದರೆ ಎರಡನೇ ಬಿಲ್ಲಿಗೆ ನಂಬರ್ ಕೊಡುವುದಿಲ್ಲ. ಫೋನಿನಲ್ಲಂತೂ ಕೊಡುವುದೇ ಇಲ್ಲ, ಬಿಲ್ಲು ಹಿಡಿದುಕೊಂಡು ಬರಬೇಕು.

ಇನ್ನೊಂದು. ಡ್ರೈವರ್ ಪ್ರತಿ ಮೇಲೆ ದುಡ್ಡು ಕೊಡಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಕೊಡುತ್ತಾರೆ. ಒರಿಜಿನಲ್ ಬರಲು ತಡವಾಗುತ್ತೆ, ಪಾರ್ಟಿ ಫೋನ್ ಮೇಲೆ ಫೋನ್ ಮಾಡುತ್ತೆ. ಹಾಗೆ ಕೊಡಲೇಬೇಕಾದರೆ ಆ ವೋಚರ್ ಮೇಲೆ 'ಒರಿಜಿನಲ್ ಬರಬೇಕು' ಅಂತ ಬರೆದು ಒಂದು ಬೇರೆ ಫೈಲಿನಲ್ಲಿ ಝೆರಾಕ್ಸ್ ಇಡಬೇಕು. ಒರಿಜಿನಲ್ ಬಂದ ದಿನ ಮೊದಲು ಆ ಫೈಲು ನೋಡಬೇಕು.

ಸಿಂಧನೂರು ಟ್ಯಾಲಿ

ಅಕ್ಕಾ, ಸೊನ್ನೆ ಬಾಕಿಯ ವಿಷಯ ಒಪ್ಪಿದೆ. ನಾನು ಆ ಥರ ಯೋಚನೆ ಮಾಡಿರಲಿಲ್ಲ. ಆದರೆ ಮುಂದಿನದಕ್ಕೆ ಒಪ್ಪುವುದಿಲ್ಲ. ದುಡ್ಡು ವಾಪಸ್ ಕೇಳುವುದು, ಪತ್ರ ಬರೆಯುವುದು ಎಲ್ಲ ಯಾಕೆ? ಪ್ರತಿ ಸೀಸನ್ನಿಗೂ ಅವರಿಂದಲೇ ಬೇರಿಂಗ್ ತರುತ್ತಾರೆ. ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಂಡರೆ ಆಯಿತು. ವ್ಯಾಪಾರದಲ್ಲಿ ಎಲ್ಲರೂ ಹಾಗೇ ಮಾಡುವುದು.

ಲೆಕ್ಕದಕ್ಕ (ಬಳ್ಳಾರಿ)

ಹಿಡಿದುಕೊಳ್ಳುವುದು ತಪ್ಪಲ್ಲ. ಅವರು ಒಪ್ಪಿಕೊಂಡು ಬರವಣಿಗೆಯಲ್ಲಿ ಕೊಟ್ಟಮೇಲೆ ಮಾಡಿ. ಮೊದಲೇ ಮಾಡಿದರೆ ಏನಾಗುತ್ತೆ ಅಂತ ನಾನು ಕಂಡದ್ದು ಹೇಳುತ್ತೇನೆ. ಊರು, ಹೆಸರು ಬೇಡ.

ಒಂದು ಕಡೆ ಹೀಗೇ ಎರಡು ಸಲ ದುಡ್ಡು ಹೋಗಿತ್ತು. ಇವರು ಸುಮ್ನೆ ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಂಡರು. ಆ ಕಡೆಯವರು ನಮ್ಮ ಬಿಲ್ಲಿನ ದುಡ್ಡು ಕೊಟ್ಟಿಲ್ಲ ಅಂತ ಸರಕು ನಿಲ್ಲಿಸಿದರು. ಕೊನೆಗೆ ಅವರ ಪುಸ್ತಕದ ಲೆಡ್ಜರ್ ಕಾಪಿ ತರಿಸಿ ನೋಡಿದರೆ, ಎರಡನೇ ಸಲ ಬಂದ ದುಡ್ಡನ್ನು ಅವರ ಗುಮಾಸ್ತ ಹಳೆಯದೊಂದು ಬಿಲ್ಲಿಗೆ ಜಮಾ ಮಾಡಿಬಿಟ್ಟಿದ್ದ. ಆ ಹಳೇ ಬಿಲ್ಲು ತೂಕದ ಜಗಳದಲ್ಲಿ ನಿಂತದ್ದು, ಇವರು ಅದನ್ನು ಕೊಡಲು ಒಪ್ಪಿರಲೇ ಇಲ್ಲ. ಅವರ ಲೆಕ್ಕದಲ್ಲಿ ಜಾಸ್ತಿ ದುಡ್ಡು ಬಂದೇ ಇಲ್ಲ, ಹಳೇ ಬಾಕಿ ತೀರಿದೆ ಅಷ್ಟೇ. ಬಗೆಹರಿಯಲು ನಾಲ್ಕು ತಿಂಗಳು ಬೇಕಾಯಿತು.

ಅದಕ್ಕೇ ಹೇಳುವುದು, ಬಾಕಿ ಎಷ್ಟು ಅಂತ ಕೇಳಬೇಡಿ. ನವೆಂಬರ್‌ನಿಂದ ಇವತ್ತಿನವರೆಗೆ ಸಾಲುಸಾಲಾಗಿ ಲೆಡ್ಜರ್ ಕಾಪಿ ಕೇಳಿ. ಅವರ ಬಾಕಿಯೂ ಸೊನ್ನೆ ತೋರಿಸಬಹುದು, ಆದರೆ ಆ ಚೆಕ್ಕನ್ನು ಎಲ್ಲಿ ಜಮಾ ಮಾಡಿದ್ದಾರೆ ಅನ್ನುವುದು ಸಾಲಿನಲ್ಲಿ ಮಾತ್ರ ಕಾಣುತ್ತೆ. ಕಥೆಯ ಕೊನೆಯಲ್ಲಿ ಹಾಳೆ ತಿರುವುವ ಸದ್ದು ಬಂತಲ್ಲ, ನನಗೆ ಅದು ತುಂಬ ನಿಜ ಅನಿಸಿತು.

ಮಾನ್ವಿ ಮಾಸ್ತರ

ನನಗೆ ಲೆಕ್ಕ ಅಷ್ಟಾಗಿ ಬಾರದು, ಕಥೆಯ ಬಗ್ಗೆ ಮಾತಾಡುತ್ತೇನೆ. ಎರಡು ಮಾತು.

ಸಂಕ್ರಾಂತಿಗೆ ಕೆಲಸ ಬಿಟ್ಟ ಹುಡುಗನ ಮೇಲೆ ಅರ್ಧ ತಪ್ಪು ಹೊರಿಸಿದ್ದೀರಿ. ಬಿಟ್ಟುಹೋದವನು ಬಂದು ಉತ್ತರ ಹೇಳಲಾರ. ಆಫೀಸುಗಳಲ್ಲಿ ಯಾವಾಗಲೂ ಹೀಗೇ, ಹೋದವನ ತಲೆಗೆ ಕಟ್ಟುವುದು. ಅವನು ಯಾಕೆ `1186` ಅಂತ ಮಾತ್ರ ಹಾಕಿದ, ಅವನಿಗೆ ಯಾರಾದರೂ ಹೇಗೆ ಹಾಕಬೇಕು ಅಂತ ಹೇಳಿಕೊಟ್ಟಿದ್ದರಾ? ಒಂದು ಸಾಲು ಬರೆಯಿರಿ.

ಇನ್ನೊಂದು, ಚೆಕ್ಕು ತೆಗೆದುಕೊಂಡು ಹೋದವರು ಯಾರು? ಅಂಗಡಿಯ ಮನುಷ್ಯ ಕೈಯಾರೆ ಬಂದು ಒಯ್ದಿದ್ದರೆ ಅವನಿಗೆ ನೆಫ್ಟ್ ಬಂದದ್ದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ತೆಗೆದುಕೊಂಡನೇ? ನನಗೆ ಇದು ಕಥೆಯ ನಡುವಿನ ಪ್ರಶ್ನೆ ಅನಿಸುತ್ತೆ.

ಗಿಣಿಗೇರಾ ಸ್ಟೋರ್ಸ್

ಮಾಸ್ತರೇ, ವಸೂಲಿಗೆ ಬರುವವರಿಗೆ ಆಫೀಸಿನಲ್ಲಿ ಒಂದು ಪಟ್ಟಿ ಕೊಟ್ಟು ಕಳಿಸುತ್ತಾರೆ. ಅದು ಹಳೇ ಪಟ್ಟಿ ಆಗಿದ್ದರೆ ಅವನಿಗೆ ಗೊತ್ತಿರುವುದಿಲ್ಲ. ನೆಫ್ಟ್ ಬಂದಾಗ ಯಾರ ದುಡ್ಡು ಅಂತ ಅವರಿಗೇ ತಿಳಿಯದೆ ಬೇರೆ ಖಾತೆಯಲ್ಲಿ ಇಟ್ಟುಕೊಂಡಿರಲೂಬಹುದು. ನಾನಂತೂ ಅವನನ್ನು ಕಳ್ಳ ಅನ್ನಲಾರೆ.

ಸಿಂಧನೂರು ಟ್ಯಾಲಿ

ನಾನು ಅನ್ನುತ್ತೇನೆ. ಜನವರಿಯಲ್ಲಿ 85,432 ಜಾಸ್ತಿ ಬಂದಿದೆ, ಜೂನ್‌ವರೆಗೂ ಯಾರೂ ಬಾಯಿ ಬಿಡಲಿಲ್ಲ. ಮಾರ್ಚ್ 31ಕ್ಕೆ ಅವರೂ ಲೆಕ್ಕ ಮುಗಿಸಿರುತ್ತಾರಲ್ವಾ?

ಮಸ್ಕಿ ಮಲ್ಲಿಗೆ

ನನಗೆ ಇನ್ನೊಂದು ಕೇಳಬೇಕು. ನಮ್ಮ ಅಂಗಡಿಯಲ್ಲಿ ವರ್ಷಕ್ಕೆ ಎರಡು ಸಾವಿರ ವೋಚರ್ ಆಗುತ್ತೆ. ನೀಲಮ್ಮನಿಗೆ ಸಂಖ್ಯೆ ನೆನಪಿತ್ತು. ನನಗೆ ಅಷ್ಟು ನೆನಪು ಇರುವುದಿಲ್ಲ. ಸುಲಭದ ದಾರಿ ಏನಾದರೂ ಇದೆಯಾ?

ಸಿಂಧನೂರು ಟ್ಯಾಲಿ

ಇದು ನನ್ನ ಕೆಲಸ, ಹೇಳುತ್ತೇನೆ. ವರ್ಷದ ಖರೀದಿ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆಯಿರಿ. ಬಿ ಕಾಲಮ್ಮಿನಲ್ಲಿ ಪಾರ್ಟಿ ಹೆಸರು, ಡಿ ಕಾಲಮ್ಮಿನಲ್ಲಿ ಮೊತ್ತ ಇರಲಿ. ಖಾಲಿ ಕಾಲಮ್ಮಿನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
=COUNTIFS(B:B,B2,D:D,D2)
```

2 ಅಥವಾ ಜಾಸ್ತಿ ಬಂದ ಸಾಲುಗಳನ್ನು ಮಾತ್ರ ನೋಡಿ. ಬಿಲ್ ನಂಬರ್ ಹೇಗೇ ಬರೆದಿದ್ದರೂ ಪರವಾಗಿಲ್ಲ, ಇದು ಪಾರ್ಟಿ ಮತ್ತು ಮೊತ್ತ ಮಾತ್ರ ನೋಡುತ್ತೆ.

ಲೆಕ್ಕದಕ್ಕ (ಬಳ್ಳಾರಿ)

ಒಳ್ಳೆಯದು ತಮ್ಮಾ. ಎರಡು ಎಚ್ಚರಿಕೆ ಸೇರಿಸುತ್ತೇನೆ. ಬಾಡಿಗೆ, ಇಂಟರ್ನೆಟ್ ಥರ ತಿಂಗಳು ತಿಂಗಳು ಒಂದೇ ಮೊತ್ತದ ಬಿಲ್ಲುಗಳೆಲ್ಲ ಇದರಲ್ಲಿ ಬರುತ್ತೆ, ಗಾಬರಿ ಬೇಡ. ಆಮೇಲೆ, ಒಂದೇ ಪಾರ್ಟಿಗೆ ಎರಡು ಲೆಡ್ಜರ್ ಇದ್ದರೆ, ಅಂದರೆ ಒಬ್ಬರು 'ಟ್ರೇಡರ್ಸ್' ಅಂತ, ಇನ್ನೊಬ್ಬರು 'ಟ್ರೇಡಿಂಗ್ ಕಂಪನಿ' ಅಂತ ತೆರೆದಿದ್ದರೆ, ಇದು ಹಿಡಿಯುವುದಿಲ್ಲ. ಅಂಥ ಕಡೆ ಪಾರ್ಟಿ ಹೆಸರಿನ ಬದಲು ಜಿಎಸ್‌ಟಿ ನಂಬರ್ ಇರುವ ಕಾಲಮ್ ಕೊಡಿ. ರೌಂಡ್ ಮಾಡಿ ಒಂದು ರೂಪಾಯಿ ಆಚೀಚೆ ಹಾಕಿದ್ದರೂ ತಪ್ಪಿಸಿಕೊಳ್ಳುತ್ತೆ.

ಕೃಷ್ಣಾ ದಂಡೆ (ರಾಯಚೂರು)

ಎಲ್ಲರಿಗೂ ಮನಸಾರೆ ಧನ್ಯವಾದ. ಮಾಸ್ತರೇ, ಹುಡುಗನ ಮಾತು ನಾಟಿತು. ಅವನು ಸೇರಿದ ದಿನ ನೀಲಮ್ಮನೇ ಅವನಿಗೆ 'ಕೊನೆಯ ನಂಬರ್ ಹಾಕಿದರೆ ಸಾಕು' ಅಂದಿದ್ದಳು ಅಂತ ಸೇರಿಸುತ್ತಿದ್ದೇನೆ. ನಾನೂ ಒಬ್ಬ ಹುಡುಗನಿಗೆ ಹಾಗೆ ಹೇಳಿದ್ದು ನೆನಪಿದೆ, ಬಿಸಿಯಲ್ಲಿದ್ದಾಗ ಹೇಳಿಬಿಡುತ್ತೇವೆ.

ಚೆಕ್ಕು ಒಯ್ದವನಿಗೆ ಗೊತ್ತಿತ್ತೋ ಇಲ್ಲವೋ, ನನಗೂ ಗೊತ್ತಿಲ್ಲ. ಹಾಗೇ ಬಿಡುತ್ತೇನೆ. ನೀಲಮ್ಮನೂ ಆ ಫೋನಿನ ಮುಂದೆ ಕೂತಾಗ ಅದನ್ನೇ ಯೋಚಿಸುತ್ತಿದ್ದಳು ಅನಿಸುತ್ತೆ.

ಲೆಕ್ಕದಕ್ಕ, ಒಂದು ಮಾತು ಉಳಿದಿದೆ. ಅವಳು ಆಡಿಟ್ ಹುಡುಗರಿಗೆ ತಾನಾಗಿ ಹೇಳಬೇಕಾ? ಸಾವ್ಕಾರ್ 'ಸರಿ ಆಯ್ತಲ್ಲ, ಬಿಡವ್ವ' ಅಂದರೆ?

ಲೆಕ್ಕದಕ್ಕ (ಬಳ್ಳಾರಿ)

ಹೇಳಬೇಕು ಅಂತ ನನ್ನ ಅಭಿಪ್ರಾಯ. ಜರ್ನಲ್ ವೋಚರ್ ಹಿಂದೆ ಆ ನಾಲ್ಕು ಝೆರಾಕ್ಸ್ ಲಗತ್ತಿಸಿದರೆ ಬಾಯಿ ಬಿಟ್ಟು ಹೇಳುವುದೇ ಬೇಡ, ಹಾಳೆಯೇ ಹೇಳುತ್ತೆ. ಆದರೆ ಸಾವ್ಕಾರ್ ಬೇಡ ಅಂದ ಮೇಲೆ ಸಂಬಳಕ್ಕಿರುವ ಗುಮಾಸ್ತೆ ಏನು ಮಾಡಬೇಕು ಅನ್ನುವುದು ನನಗೆ ಸುಲಭ ಅನಿಸುವುದಿಲ್ಲ. ನಾನು ಮೇಜಿನ ಈ ಕಡೆ ಕೂತವಳು.

ಕೊಪ್ಪಳ ಕಿರಾಣಿ

ಅಕ್ಕಾ, ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ವಾಪಸ್ ಬಂದಿಲ್ಲ. ನಾಳೆ ಸೆಕ್ಷನ್ ಆಫೀಸಿಗೆ ಹೋಗುತ್ತೇನೆ.

ಮಸ್ಕಿ ಮಲ್ಲಿಗೆ

ಇವತ್ತು ಅಂಗಡಿ ರಜೆ ಇತ್ತು, ಕೂತು ಪಟ್ಟಿ ತೆಗೆದೆ. 2 ತೋರಿಸಿದ್ದು ಏಳು ಜೋಡಿ. ಆರು ಗೋಡೌನ್ ಬಾಡಿಗೆ. ಏಳನೆಯದು ಗೊಬ್ಬರ ತಂದ ಲಾರಿಯವರದು, 9,600 ರೂಪಾಯಿ, ಎಂಟು ದಿನದ ಅಂತರದಲ್ಲಿ ಎರಡು. ಬಿಲ್ ನಂಬರ್ ಬೇರೆ ಬೇರೆ. ಎರಡು ಟ್ರಿಪ್ ಬಂದಿರಲೂಬಹುದು, ಬಾಡಿಗೆ ಒಂದೇ ರೇಟು. ಅಪ್ಪನಿಗೆ ನೆನಪಿಲ್ಲ. ವೇ ಬ್ರಿಡ್ಜಿನ ಚೀಟಿಗಳು ಮೇಲಿನ ಅಟ್ಟದಲ್ಲಿ ಒಂದು ಗೋಣಿಚೀಲದಲ್ಲಿವೆ, ಅದನ್ನು ಇಳಿಸುತ್ತಿದ್ದೇನೆ.